ಯೋಗಕ್ಕೆ ನಾಲ್ಕು, ಮೀನಿನ ಬುಟ್ಟಿಗೆ ಎಷ್ಟು?

ಮೆಟ್ ಅನ್ನುವ ಶಬ್ದ ನನ್ನ ಕಿವಿಗೆ ಬಿದ್ದದ್ದು ೧೯೯೭ರಲ್ಲಿ. ನಾನಾಗ ಗೃಹವಿಜ್ಞಾನದ ಕೊನೆಯ ವರ್ಷದಲ್ಲಿದ್ದೆ. ಆಹಾರ ಮತ್ತು ಪೋಷಣೆ ಕಲಿಸುತ್ತಿದ್ದ ಮೇಡಂ ಒಂದು ದಿನ ಹನ್ನೆರಡು ಪುಟಗಳ ಜೆರಾಕ್ಸ್ ಹಂಚಿದರು. ಎಡಗಡೆ ಒಂದು ಅಂಕಿ, ಬಲಗಡೆ ಒಂದು ಕೆಲಸ. ಸುಮ್ಮನೆ ಕುಳಿತಿರುವುದು ಒಂದು. ಅಡುಗೆ ಮಾಡುವುದು ಎರಡೋ ಎರಡೂವರೆಯೋ. ಕಸ ಗುಡಿಸುವುದು ಎರಡೂವರೆ. ಹಠಯೋಗ ನಾಲ್ಕು.

ಲೆಕ್ಕ ಬಹಳ ಸುಲಭವಿತ್ತು. ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿ ಒಂದು ಮೆಟ್. ನಾಲ್ಕು ಮೆಟ್ಟಿನ ಕೆಲಸ ಎಂದರೆ ಅದರ ನಾಲ್ಕು ಪಟ್ಟು. ಒಂದು ಮೆಟ್ ಎಂದರೆ ಒಂದು ಕಿಲೋ ತೂಕಕ್ಕೆ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಕ್ಯಾಲರಿ. ಹಾಗಾಗಿ ಕೆಲಸದ ಅಂಕಿಯನ್ನು ತೂಕದಿಂದ ಗುಣಿಸಿ, ಗಂಟೆಯಿಂದ ಗುಣಿಸಿದರೆ ಮುಗಿಯಿತು. ಐವತ್ತು ಕಿಲೋದವಳು ಒಂದು ಗಂಟೆ ಗುಡಿಸಿದರೆ ನೂರ ಇಪ್ಪತ್ತೈದು ಕ್ಯಾಲರಿ. ಮನುಷ್ಯರ ಇಡೀ ದಿನವನ್ನು ಹೀಗೆ ಒಂದು ಹಾಳೆಯಲ್ಲಿ ಬರೆದುಬಿಡಬಹುದಲ್ಲ ಎಂದು ನನಗೆ ಆಶ್ಚರ್ಯವಾಗಿತ್ತು.

ಆ ವಾರ ರಜೆಗೆ ಯಡ್ತರೆಯ ಮನೆಗೆ ಹೋದಾಗ ಜೆರಾಕ್ಸ್ ಹಿಡಿದುಕೊಂಡು ಬಾವಿಕಟ್ಟೆಯ ಹತ್ತಿರ ಕೂತೆ. ಅಬ್ಬೆ ಬಟ್ಟೆ ಒಗೆಯುತ್ತಿದ್ದಳು. ಪಟ್ಟಿಯಲ್ಲಿ ಬಟ್ಟೆಯ ಸಾಲು ಹುಡುಕಿದೆ. ‘ಬಟ್ಟೆಯನ್ನು ಯಂತ್ರಕ್ಕೆ ಹಾಕುವುದು, ಮಡಚುವುದು, ಹರವುವುದು, ಪೆಟ್ಟಿಗೆ ತುಂಬುವುದು’ ಎಂದು ಒಂದೇ ಸಾಲಿತ್ತು. ಅದಕ್ಕೆ ಎರಡು ಮೆಟ್.

“ಎಂತ ಬರಿತಿದ್ದೆ ಹೆಣೆ?” ಅಬ್ಬೆ ಕೇಳಿದಳು.

“ನೀ ಎಷ್ಟ್ ಶಕ್ತಿ ಖರ್ಚ್ ಮಾಡ್ತಿ ಅಂತ ಕಾಣ್ತಿದ್ದೆ.”

“ಎಷ್ಟಾಯ್ತ್?”

“ಒಗುದ್ ಎರಡ್.”

ಅವಳು ಒದ್ದೆ ಕಂಬಳಿಯನ್ನು ಕಲ್ಲಿನ ಮೇಲೆ ಎತ್ತಿ ಬಡಿದಳು. ನೀರು ನನ್ನ ಜೆರಾಕ್ಸಿನ ಮೇಲೂ ಹಾರಿತು. “ನಿನ್ ಪುಸ್ತಕದ್ ಹೆಂಗ್ಸಿಗೆ ಕಂಬ್ಳಿ ಇಲ್ಲೆ ಕಾಣತ್ತ್” ಎಂದಳು. ನನಗೆ ನಗು ಬಂತು. ಪರೀಕ್ಷೆಯಲ್ಲಿ ಆ ಅಧ್ಯಾಯಕ್ಕೆ ಒಳ್ಳೆಯ ಅಂಕ ಬಂತು, ಕಂಬಳಿಯ ವಿಷಯವನ್ನು ನಾನು ಅಲ್ಲಿಗೇ ಬಿಟ್ಟೆ.

ಮದುವೆ, ಮಗು ಎಂದು ಕೆಲವು ವರ್ಷ ಕಳೆದ ಮೇಲೆ, ೨೦೦೩ರ ಹೊತ್ತಿಗೆ, ಕುಂದಾಪುರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನನಗೆ ಕೆಲಸ ಸಿಕ್ಕಿತು. ಸಕ್ಕರೆ ಕಾಯಿಲೆಯವರೇ ಹೆಚ್ಚಾಗಿ ಬರುವ ಜಾಗ. ಡಾಕ್ಟ್ರು ನನಗಿಂತ ಹದಿನೈದು ವರ್ಷ ದೊಡ್ಡವರು, ಕಡಿಮೆ ಮಾತಿನವರು. ಅವರು ಮಾತ್ರೆ ಬರೆಯಬೇಕು, ನಾನು ಪಕ್ಕದ ಕೋಣೆಯಲ್ಲಿ ಕೂತು ಊಟದ ಚೀಟಿ ಬರೆಯಬೇಕು. ಅದಕ್ಕೆ ನಾನು ಹಳೆಯ ಜೆರಾಕ್ಸನ್ನೇ ತೆಗೆದೆ. ಒಬ್ಬೊಬ್ಬರ ದಿನವನ್ನು ಕೇಳಿ, ಅಂಕಿ ಹಾಕಿ, ಗುಣಿಸಿ, ಅಷ್ಟಕ್ಕೆ ತಕ್ಕ ಹಾಗೆ ಅನ್ನ, ಗಂಜಿ, ಮೀನು, ಕಾಯಿ ಎಂದು ಬರೆದುಕೊಡುತ್ತಿದ್ದೆ.

ಮೂರು ತಿಂಗಳಾದ ಮೇಲೆ ಕಾಯುವ ಕೋಣೆಯ ಗೋಡೆಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ಅಂಟಿಸಿದೆ. ‘ಯಾವ ಕೆಲಸಕ್ಕೆ ಎಷ್ಟು ಕ್ಯಾಲರಿ’ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ತಲೆಬರಹ. ಗುಡಿಸುವುದು, ಪಾತ್ರೆ ತೊಳೆಯುವುದು, ಅಡುಗೆ, ಯೋಗ, ನೃತ್ಯ. ನೃತ್ಯಕ್ಕೆ ಬಂದಾಗ ಸ್ವಲ್ಪ ತೊಡಕಾಗಿತ್ತು. ಪಟ್ಟಿಯಲ್ಲಿ ಬ್ಯಾಲೆ ಇತ್ತು, ಜೋಡಿಯಾಗಿ ಕುಣಿಯುವ ಯಾವ್ಯಾವುದೋ ಪರದೇಶದ ಕುಣಿತಗಳಿದ್ದವು. ಭರತನಾಟ್ಯ ಇರಲಿಲ್ಲ. ಪಟ್ಟಿಯಲ್ಲಿದ್ದ ಕುಣಿತಗಳ ಅಂಕಿಗಳನ್ನೆಲ್ಲ ನೋಡಿ, ನಡುವಿನದೊಂದು ಇರಲಿ ಎಂದು ನಾಲ್ಕೂವರೆ ಹಾಕಿದೆ. ಯಾರೂ ಕೇಳಲಿಲ್ಲ. ಹೆಂಗಸರು ಆ ಹಾಳೆಯ ಎದುರು ನಿಂತು ಬೆರಳು ಹಿಡಿದು ಓದುತ್ತಿದ್ದರು. “ಕಾಣಿ, ಗುಡ್ಸುದ್ಕೂ ಲೆಕ್ಕ ಇತ್ತಂಬ್ರು!” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಖುಷಿಪಡುತ್ತಿದ್ದರು. ನನಗೂ ಹೆಮ್ಮೆಯೇ.

ಆ ಹಾಳೆಯನ್ನು ಎಲ್ಲರಿಗಿಂತ ಮನಸ್ಸಿಟ್ಟು ಓದಿದವರು ಬ್ರಹ್ಮಾವರದ ಒಬ್ಬ ನಿವೃತ್ತ ಶಿಕ್ಷಕಿ. ನಾನು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ. ಅರವತ್ತು ದಾಟಿದ್ದರು, ಎಪ್ಪತ್ತೆರಡು ಕಿಲೋ ತೂಕ, ಸಕ್ಕರೆ ಕಾಯಿಲೆ ಆಗಷ್ಟೇ ಶುರುವಾಗಿತ್ತು. ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಯೋಗ ತರಗತಿಗೆ ಹೋಗುತ್ತಿದ್ದರು. ನಾನು ಅವರೆದುರಿಗೇ ಗುಣಿಸಿದೆ: ನಾಲ್ಕು, ಎಪ್ಪತ್ತೆರಡು, ಒಂದು ಗಂಟೆ. ಇನ್ನೂರ ಎಂಬತ್ತೆಂಟು.

“ಅಂದ್ರೆ ಪ್ರತಿ ದಿನ ಇಷ್ಟ್ ಕರ್ಗತ್ತಾ?”

“ಹೌದು ಟೀಚರ್.”

ಅವರು ಒಂದು ನೋಟ್ ಪುಸ್ತಕ ತೆಗೆದು ಬರೆದುಕೊಂಡರು. ಗಣಿತ ಕಲಿಸಿದವರು, ಅಂಕಿಗಳೆಂದರೆ ಅವರಿಗೆ ಮರ್ಯಾದೆ.

ಅದಾಗಿ ಎರಡು ತಿಂಗಳಿಗೆ ತ್ರಾಸಿಯ ಕಡೆಯಿಂದ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದ ಪ್ರಾಯ, ನಲವತ್ತಾರು ಕಿಲೋ, ಸಣಕಲು ಮೈ. ಡಾಕ್ಟ್ರು ಸಕ್ಕರೆ ಇಳಿಸುವ ಮಾತ್ರೆ ಕೊಟ್ಟು ನನ್ನಲ್ಲಿಗೆ ಕಳಿಸಿದ್ದರು. ನಾನು ಫಾರಂ ತುಂಬಿಸತೊಡಗಿದೆ.

“ಎಂತ ಕೆಲ್ಸ ಮಾಡ್ತ್ರಿ?”

“ಮೀನ್ ಮಾರುದ್.”

“ಮನೆಕೆಲ್ಸ?”

“ಮನಿದ್ ಎಂತ ಕೆಲ್ಸ ಮೇಡಮ್ಮ, ಎಲ್ಲರೂ ಮಾಡುದೇ. ಬೆಳಿಗ್ಗೆ ಒಂದ್ ಗಳ್ಗಿ, ಸಂಜಿಗ್ ಒಂದ್ ಗಳ್ಗಿ.”

ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಮೀನು ಮಾರುವುದು ಪಟ್ಟಿಯಲ್ಲಿ ಇರಲಿಲ್ಲ. ಅಂಗಡಿಯಲ್ಲಿ ನಿಂತು ಮಾರುವುದು ಇತ್ತು, ಎರಡೂವರೆ. ಅದನ್ನು ಐದು ಗಂಟೆಗೆ ಹಾಕಿದೆ. ಮನೆಕೆಲಸ ಎರಡು ಗಂಟೆ. ಉಳಿದದ್ದು ಕೂರುವುದು, ಮಲಗುವುದು, ಅಷ್ಟಿಷ್ಟು ಓಡಾಟ. ದಿನಕ್ಕೆ ಸಾವಿರದ ಏಳುನೂರು ಚಿಲ್ಲರೆ ಬಂತು. ಅದಕ್ಕೆ ಸರಿಯಾಗಿ ಚೀಟಿ ಬರೆದೆ. ಬೆಳಿಗ್ಗಿನ ಗಂಜಿಯನ್ನು ಅರ್ಧಕ್ಕೆ ಇಳಿಸಿದೆ. ಕೊನೆಯಲ್ಲಿ, ಎಲ್ಲರಿಗೂ ಬರೆಯುವ ಹಾಗೆ, ‘ದಿನಾ ಅರ್ಧ ಗಂಟೆ ನಡಿಗೆ’ ಎಂದೂ ಸೇರಿಸಿದೆ.

“ನಡುದಾ?” ಅವರು ಕೇಳಿದರು.

“ಹೌದು, ಬೆಳಿಗ್ಗೆ ಅರ್ಧ ಗಂಟೆ ನಡಿಕ್.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ “ಆಯ್ತ್ ಮೇಡಮ್ಮ” ಎಂದು ಚೀಟಿಯನ್ನು ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಒಂದು ಆಟೋ ಕ್ಲಿನಿಕ್ಕಿನ ಬಾಗಿಲಿಗೆ ಬಂದು ನಿಂತಿತು. ಅದರೊಳಗೆ ಆ ಹೆಂಗಸು, ಪಕ್ಕದಲ್ಲಿ ಅವರನ್ನು ಹಿಡಿದುಕೊಂಡಿದ್ದ ಒಂದು ಮನೆಯ ಗೃಹಿಣಿ. ಆ ಗೃಹಿಣಿಯ ಅಂಗಳದಲ್ಲಿ ಮೀನು ಅಳೆಯುತ್ತಿದ್ದಾಗ ಇವರಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಅಲ್ಲೇ ಕೂತರಂತೆ. ಬಂಗುಡೆಯ ರೇಟು ಕೇಳಿದರೆ ಸಂಬಂಧವಿಲ್ಲದ ಮಾತು ಆಡತೊಡಗಿದರಂತೆ. ಗೃಹಿಣಿ ಹೆದರಿ ಬೆಲ್ಲದ ನೀರು ಕುಡಿಸಿ ಕರೆತಂದಿದ್ದರು. ಬೆಲ್ಲದ ನೀರೇ ಅವರನ್ನು ಉಳಿಸಿದ್ದು. ಆದರೂ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಐವತ್ತೆರಡು. ಡಾಕ್ಟ್ರು ಗ್ಲೂಕೋಸ್ ಕುಡಿಸಿ ಮಲಗಿಸಿದರು.

ಅವರು ಸರಿಯಾಗಿ ಮಾತಾಡುವಂತಾದ ಮೇಲೆ ತೂಕ ನೋಡಿದೆವು. ನಲವತ್ತಮೂರು. ಎರಡು ತಿಂಗಳಲ್ಲಿ ಮೂರು ಕಿಲೋ ಹೋಗಿತ್ತು.

“ಊಟ ಹೇಂಗ್ ಮಾಡ್ತ್ರಿ?” ಡಾಕ್ಟ್ರು ಕೇಳಿದರು.

“ಮೇಡಮ್ಮ ಬರ್ದ್ ಕೊಟ್ಟಂಗೇ. ಒಂದ್ ಸೌಟೂ ಜಾಸ್ತಿ ಇಲ್ಲೆ.”

“ನಡಿಗೆ?”

“ಅದೂ ಮಾಡ್ತೆ. ಐದ್ ಗಂಟಿಗ್ ಎದ್ದ್ ರಸ್ತೆಯಂಗ್ ಅರ್ಧ ಗಂಟೆ ನಡುದ್. ಆಮೇಲ್ ಬಂದರಿಗ್ ಹೋಪುದ್, ಮೀನ್ ತಕಂಡ್ ಬಸ್ಸಿಗ್ ಹೋಪುದ್, ಬುಟ್ಟಿ ಹೊತ್ಕಂಡ್ ಮನಿಮನಿಗ್ ನಡುದ್.”

“ಎಷ್ಟ್ ಹೊತ್ತ್ ನಡಿತ್ರಿ, ಬುಟ್ಟಿ ಹೊತ್ಕಂಡ್?”

“ಮೀನ್ ಖಾಲಿ ಆಪಲ್ಲಿವರಿಗೆ.”

ಡಾಕ್ಟ್ರು ನನ್ನ ಕಡೆ ತಿರುಗಿದರು. ಬೈಯಲಿಲ್ಲ. ನನ್ನ ಫಾರಂ ತೆಗೆದು ‘ಅಂಗಡಿ, ನಿಂತು ಮಾರಾಟ’ ಎಂದು ನಾನೇ ಬರೆದದ್ದನ್ನು ಓದಿದರು. “ನಾನೂ ಕೇಳಲಿಲ್ಲ” ಎಂದರು. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು, ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೊರಡಬಾರದೆಂದು, ಸೆರಗಲ್ಲಿ ಯಾವಾಗಲೂ ಒಂದು ಹಿಡಿ ಸಕ್ಕರೆ ಇರಲೆಂದು ಹೇಳಿದರು. ಬೆಳಿಗ್ಗಿನ ನಡಿಗೆಯನ್ನು ಅವರೇ ಪೆನ್ನಿನಿಂದ ಹೊಡೆದುಹಾಕಿದರು. ಗಂಜಿಯನ್ನು ಮೊದಲಿನಷ್ಟೇ ಉಣ್ಣಲು ಹೇಳಿ ಕಳಿಸಿದೆವು. ಆದರೆ ಮೊದಲಿನಷ್ಟು ಎಂದರೆ ಎಷ್ಟು, ಸಾಕೇ, ಹೆಚ್ಚಾಯಿತೇ ಎನ್ನುವುದು ನನಗೆ ಗೊತ್ತಿರಲಿಲ್ಲ.

ಅದೇ ವಾರ ಬ್ರಹ್ಮಾವರದ ಟೀಚರ್ ಬಂದರು. ತೂಕದ ಯಂತ್ರದ ಮೇಲೆ ನಿಂತರು. ಎಪ್ಪತ್ತನಾಲ್ಕು.

“ಹೆಚ್ಚಾಯ್ತಲ್ಲ!” ಅವರು ನೋಟ್ ಪುಸ್ತಕ ತೆಗೆದರು. ನಾಲ್ಕು ತಿಂಗಳ ಲೆಕ್ಕ ಬರೆದಿಟ್ಟಿದ್ದರು. ಪ್ರತಿ ದಿನ ಇನ್ನೂರ ಎಂಬತ್ತೆಂಟು ಜಮೆ. ಅದಕ್ಕೆ ಎದುರಾಗಿ ಇನ್ನೊಂದು ಸಾಲು: ಯೋಗ ಮುಗಿಸಿ ಬರುವಾಗ ಹೋಟೆಲಿನಲ್ಲಿ ಎಣ್ಣೆಯಲ್ಲಿ ಕರಿದ ಒಂದು ಬನ್ಸ್, ಒಂದು ಸಕ್ಕರೆ ಹಾಕಿದ ಕಾಫಿ. “ನೀವೇ ಕೊಟ್ಟ ತಿಂಡಿಗಳ ಕ್ಯಾಲರಿ ಪಟ್ಟಿ ನೋಡಿಯೇ ತಿಂದದ್ದು. ಎರಡೂ ಸೇರಿ ಇನ್ನೂರ ಎಂಬತ್ತು. ದಿನಕ್ಕೆ ಎಂಟು ಉಳಿದಿದೆ. ಮತ್ತೆ ಇದು ಎಲ್ಲಿಂದ ಬಂತು?”

ಅವರು ಹಾಳೆಯ ಕೆಳಗೆ ಇನ್ನೊಂದು ಗುಣಾಕಾರ ಮಾಡಿದರು. “ಇನ್ನೊಂದ್ ಮಜಾ ಕಾಣಿ. ಈಗ ನಾನು ಎಪ್ಪತ್ತನಾಲ್ಕು. ನಾಲ್ಕರಿಂದ ಗುಣಿಸಿದ್ರೆ ಇನ್ನೂರ ತೊಂಬತ್ತಾರು. ಅಂದ್ರೆ ದಪ್ಪ ಆದಷ್ಟೂ ನನಗೆ ಹೆಚ್ಚು ಕರಗತ್ತೆ ಅಂತ ಲೆಕ್ಕ. ಹಂಗಾದ್ರೆ ತೂಕ ಯಾಕೆ ಇಳಿಸ್ಬೇಕು?”

ತಮಾಷೆಗೆ ಕೇಳಿದ್ದಲ್ಲ. ಭಾರದ ಮೈಯನ್ನು ಕದಲಿಸಲು ಹೆಚ್ಚು ಶಕ್ತಿ ಬೇಕು ಎನ್ನುವುದು ನಿಜ ಎಂದು ಹೇಳಿದೆ. ಆದರೆ ಮಲಗಿಕೊಂಡು ಕಾಲೆತ್ತುವುದಕ್ಕೂ, ಕೂತು ಉಸಿರು ಬಿಡುವುದಕ್ಕೂ ಅದೇ ಲೆಕ್ಕವೇ? ಅದು ನನಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳು ಹೇಳುತ್ತೇನೆ ಎಂದೆ.

ಆ ರಾತ್ರಿಯಲ್ಲ, ಆ ಇಡೀ ವಾರ ನನಗೆ ತಲೆ ಕೆಟ್ಟಂತಾಗಿತ್ತು. ಒಂದೇ ಪಟ್ಟಿ. ಒಬ್ಬರಿಗೆ ಕಡಿಮೆ ಲೆಕ್ಕ ಹಾಕಿ ಬೀಳಿಸಿತ್ತು, ಇನ್ನೊಬ್ಬರಿಗೆ ಹೆಚ್ಚು ಲೆಕ್ಕ ಹಾಕಿ ಉಬ್ಬಿಸಿತ್ತು. ಪಟ್ಟಿ ತಪ್ಪೋ, ನಾನು ತಪ್ಪೋ? ಒಂದೇ ಕಡೆಗೆ ತಪ್ಪಿದ್ದರೆ ತಿದ್ದಬಹುದಿತ್ತು.

ಡಾಕ್ಟ್ರಿಗೆ ಹೇಳಿ ಒಂದು ದಿನ ರಜೆ ಹಾಕಿ ತ್ರಾಸಿಗೆ ಹೋದೆ. ಕೈಗಡಿಯಾರ, ಒಂದು ಪುಸ್ತಕ, ಪೆನ್ಸಿಲ್. ನನ್ನನ್ನು ಕಂಡು ಆ ಹೆಂಗಸಿಗೆ ನಾಚಿಕೆಯಾಯಿತು.

“ಹ್ವಾಯ್ ಮೇಡಮ್ಮ, ನೀವ್ ಎಂತಕ್ ಬಂದದ್ದ್?”

“ನಿಮ್ ಸಂಗಡ ನಡುಕೆ.”

ಆ ದಿನವನ್ನು ನಾನು ಮರೆಯಲಾರೆ. ‘ಒಂದು ಗಳಿಗೆಯ ಮನೆಕೆಲಸ’ ಎಂದರೆ ಬಾವಿಯಿಂದ ಹದಿನಾಲ್ಕು ಕೊಡ ನೀರು, ಅಂಗಳ, ಪಾತ್ರೆ, ಬಟ್ಟೆ, ಒಲೆಗೆ ಸೌದೆ. ಸಂಜೆಯದೂ ಸೇರಿ ನಾಲ್ಕು ಗಂಟೆಯ ಮೇಲಾಯಿತು. ಬಂದರಿನಲ್ಲಿ ಮೀನು ತುಂಬಿದ ಬುಟ್ಟಿಯನ್ನು ತಲೆಗೆ ಏರಿಸಲು ಇನ್ನೊಬ್ಬಳು ಕೈ ಕೊಡಬೇಕಿತ್ತು. ನಾನೂ ಹಿಡಿದೆ. ಇಪ್ಪತ್ತು ಕಿಲೋಗೆ ಕಡಿಮೆ ಇರಲಿಲ್ಲ. ಬಸ್ಸಿಳಿದ ಮೇಲೆ ಗದ್ದೆಯ ಅಂಚು, ದರೆಯ ಕಡಿದಾದ ಏರು ಹತ್ತುವುದು, ಇಳಿಯುವುದು. ಅವರು ಬರಿಗಾಲಿನಲ್ಲಿ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಅವರ ಕತ್ತು ಅಲುಗುತ್ತಿರಲಿಲ್ಲ. ನಡುನಡುವೆ ಹಿಂದೆ ತಿರುಗದೆಯೇ “ನಿಧಾನ ಬನಿ ಮೇಡಮ್ಮ, ಅಲ್ಲ್ ಜಾರತ್ತ್” ಎನ್ನುತ್ತಿದ್ದರು.

ಒಂದು ಮನೆಯ ಜಗಲಿಯಲ್ಲಿ ಕುಳಿತಾಗ ಪಟ್ಟಿ ತೆಗೆದೆ. ಹೊರೆ ಹೊತ್ತು ನಡೆಯುವುದಕ್ಕೆ ಒಂದು ಸಾಲು ಸಿಕ್ಕಿತು: ಏಳು ಕಿಲೋದ ಪೆಟ್ಟಿಗೆಯನ್ನೋ ಮಗುವನ್ನೋ ಎತ್ತಿಕೊಂಡು ಸಮತಟ್ಟಾದ ನೆಲದ ಮೇಲೆ, ಮೂರೂವರೆ. ಇದು ಇಪ್ಪತ್ತು ಕಿಲೋ, ತಲೆಯ ಮೇಲೆ, ದರೆಯಲ್ಲಿ. ಹಾಗಾದರೆ ನಾಲ್ಕೂವರೆ ಇರಲಿ ಎಂದು ಬರೆದೆ. ಬರೆದ ಮೇಲೆ ನನಗೇ ದಿಗಿಲಾಯಿತು. ಆ ನಾಲ್ಕೂವರೆ ಯಾವ ಪಟ್ಟಿಯದೂ ಅಲ್ಲ, ಯಾರೂ ಅಳೆದದ್ದಲ್ಲ, ನಾನು ಜಗಲಿಯಲ್ಲಿ ಕೂತು ಊಹಿಸಿದ್ದು. ಹುಟ್ಟಿದಾಗಿನಿಂದ ಹೊತ್ತು ಅಭ್ಯಾಸವಾದವರಿಗೂ, ನಾನು ಹೊತ್ತರೆ ನನಗೂ ಒಂದೇ ಖರ್ಚಾಗುತ್ತದೆಯೇ ಎನ್ನುವುದೂ ತಿಳಿದಿರಲಿಲ್ಲ.

ಆ ಲೆಕ್ಕದಲ್ಲಿ ಅವರ ದಿನ ಎರಡು ಸಾವಿರದ ನಾಲ್ಕುನೂರು ದಾಟಿತು. ನಾನು ಮೊದಲು ಬರೆದದ್ದಕ್ಕಿಂತ ಏಳುನೂರು ಹೆಚ್ಚು. ಮನೆಗೆ ಬಂದು ಪುಸ್ತಕವನ್ನು ಮತ್ತೆ ನೋಡಿದೆ. ನಾಲ್ಕು ಗಂಟೆ ನಡಿಗೆ ಎಂದು ಹಾಕಿದ್ದೆ. ಆದರೆ ಆ ನಾಲ್ಕು ಗಂಟೆಯಲ್ಲಿ ಎರಡು ಗಂಟೆಯಷ್ಟು ಹೊತ್ತು ಬುಟ್ಟಿ ಅರ್ಧ ಖಾಲಿಯಾಗಿತ್ತು, ನಡಿಗೆ ಹಗುರವಾಗಿತ್ತು. ಅದನ್ನು ಕಳೆದರೆ ಎರಡು ಸಾವಿರದ ಮುನ್ನೂರು. ಯಾವುದು ನಿಜ?

ಮರುದಿನ ಡಾಕ್ಟ್ರ ಮೇಜಿನ ಮೇಲೆ ಮೂರೂ ಮೊತ್ತ ಇಟ್ಟು, ಜಗಲಿಯಲ್ಲಿ ಊಹಿಸಿದ್ದನ್ನೂ ಹೇಳಿದೆ. ಅವರು ಸೈಬರ್ ಕೆಫೆಯಿಂದ ಪ್ರಿಂಟ್ ತೆಗೆಸಿದ ಒಂದು ಕಟ್ಟು ನನ್ನ ಮುಂದೆ ಇಟ್ಟರು. “ನಿಮ್ಮದು ಹಳೆಯ ಪಟ್ಟಿ. ಇದು ಅದನ್ನೇ ತಿದ್ದಿದ್ದು.”

ನಾನು ನಿಂತುಕೊಂಡೇ ಹುಡುಕಿದೆ. ಹಠಯೋಗ: ಎರಡೂವರೆ. ಗುಡಿಸುವುದು: ಮೂರು ಪಾಯಿಂಟ್ ಮೂರು.

“ಡಾಕ್ಟ್ರೇ, ಯೋಗ ನಾಲ್ಕಿತ್ತಲ್ಲ! ಗುಡಿಸುವುದಕ್ಕಿಂತ ಕೆಳಗೆ ಹೋಯಿತು.”

“ಹೌದು.”

“ಯೋಗ ಬದಲಾಯಿತಾ?”

ಅವರು ನಕ್ಕರು, ಅಪರೂಪಕ್ಕೆ. “ಯೋಗ ಹಾಗೇ ಇದೆ. ಮೊದಲು ಕೆಲವು ಅಂಕಿಗಳನ್ನು ಅಳೆದು ಹಾಕಿದ್ದಾರೆ, ಕೆಲವನ್ನು ಅದರ ಹತ್ತಿರದ ಕೆಲಸ ನೋಡಿ ಅಂದಾಜಿಗೆ ಹಾಕಿದ್ದಾರೆ. ನೀವು ನಿನ್ನೆ ಜಗಲಿಯಲ್ಲಿ ಮಾಡಿದ್ದನ್ನೇ.” ಆಮೇಲೆ ಇನ್ನೊಂದು ಹೇಳಿದರು. ಆ ‘ಒಂದು ಮೆಟ್’ ಅನ್ನುವುದೇ ಎಪ್ಪತ್ತು ಕಿಲೋ ತೂಕದ, ನಲವತ್ತು ವರ್ಷದ ಒಬ್ಬ ಗಂಡಸಿನಿಂದ ಬಂದ ಅಳತೆಯಂತೆ. ಹೆಂಗಸರಿಗೆ, ಪ್ರಾಯ ಆದವರಿಗೆ, ಮೈಯಲ್ಲಿ ಕೊಬ್ಬು ಹೆಚ್ಚಿದ್ದವರಿಗೆ ಸುಮ್ಮನೆ ಕುಳಿತಾಗಿನ ಖರ್ಚು ಅದಕ್ಕಿಂತ ಕಡಿಮೆಯೇ ಇರುತ್ತದೆ. “ಹಾಗಾಗಿ ತ್ರಾಸಿಯವರದ್ದು ನಿಮ್ಮ ಎರಡು ಸಾವಿರದ ಮುನ್ನೂರಕ್ಕಿಂತಲೂ ಸ್ವಲ್ಪ ಕೆಳಗಿರಬಹುದು. ಎರಡು ಸಾವಿರದ ಸುತ್ತಮುತ್ತ ಅಂತಿಟ್ಟುಕೊಳ್ಳಿ. ಟೀಚರದ್ದೂ ಹಾಗೇ, ಇನ್ನೂ ಕಡಿಮೆ.”

“ಹಾಗಾದರೆ ಈ ಪಟ್ಟಿ ಯಾಕೆ?”

“ಸಾವಿರಾರು ಜನರನ್ನು ಕೇಳಿ, ಯಾರು ಹೆಚ್ಚು ಕದಲುತ್ತಾರೆ ಯಾರು ಕಡಿಮೆ ಎಂದು ಗುಂಪು ಮಾಡುವುದಕ್ಕೆ. ಒಬ್ಬರ ಗಂಜಿ ಅಳೆಯುವುದಕ್ಕೆ ಮಾಡಿದ್ದಲ್ಲ.”

ಇದನ್ನು ಕಾಲೇಜಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲವೇನೋ. ಹೊರಗೆ ಬಂದು ಗೋಡೆಯ ಹಾಳೆಯನ್ನು ನೋಡಿದೆ. ಒಬ್ಬಾಕೆ ಸೊಸೆಗೆ ಅದನ್ನು ಓದಿ ಹೇಳುತ್ತಿದ್ದರು. ಅವರೆದುರಿಗೆ ಕೀಳಲು ನನಗೆ ಧೈರ್ಯವಾಗಲಿಲ್ಲ.

ಮುಂದಿನ ವಾರ ಬ್ರಹ್ಮಾವರದ ಯೋಗ ತರಗತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಟೀಚರ್ ಮೊದಲನೇ ಸಾಲಿನಲ್ಲಿದ್ದರು. ಗಡಿಯಾರ ನೋಡುತ್ತ ಬರೆದೆ. ಪ್ರಾರ್ಥನೆ, ಗುರುಗಳ ಮಾತು, ಚಾಪೆ ಸರಿಮಾಡಿಕೊಳ್ಳುವುದು: ಹದಿನೈದು ನಿಮಿಷ. ಪ್ರಾಣಾಯಾಮ ಹತ್ತು. ಕೊನೆಗೆ ಶವಾಸನ ಹತ್ತು. ಅದರಲ್ಲಿ ಇಬ್ಬರು ಗೊರಕೆ ಹೊಡೆದರು. ಮೈ ನಿಜವಾಗಿ ಕದಲಿದ್ದು ಇಪ್ಪತ್ತೈದು ನಿಮಿಷ.

ತರಗತಿ ಮುಗಿದ ಮೇಲೆ ಟೀಚರ್ ಅವರೇ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಅವರ ನೋಟ್ ಪುಸ್ತಕದಲ್ಲೇ ಲೆಕ್ಕ ಮಾಡಿದೆವು. ಹೊಸ ಪಟ್ಟಿಯ ಎರಡೂವರೆಯಿಂದ, ಅವರು ಶುರುಮಾಡಿದಾಗಿನ ಎಪ್ಪತ್ತೆರಡು ಕಿಲೋಗೆ, ಒಂದು ಗಂಟೆಗೆ ನೂರ ಎಂಬತ್ತು.

“ಇದರಲ್ಲಿ ಇನ್ನೊಂದು ಕಳೆಯಬೇಕು ಟೀಚರ್” ಎಂದೆ. “ಎರಡೂವರೆಯಲ್ಲಿ ಒಂದು, ನೀವು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ಯೋಗಕ್ಕೆಂದು ಹೆಚ್ಚಾಗುವುದು ಒಂದೂವರೆ ಮಾತ್ರ.”

ಅವರು ಬರೆದರು: ನೂರ ಎಂಟು. “ಇನ್ನೂ ಇದೆಯಾ?”

“ಆಸನ ಹಾಕಿದ್ದು ಇಪ್ಪತ್ತೈದೇ ನಿಮಿಷ.”

ಅವರು ಗುಣಿಸಿ, ಅರವತ್ತರಿಂದ ಭಾಗಿಸಿದರು. ನಲವತ್ತೈದು. ಪೆನ್ನು ಕೆಳಗಿಟ್ಟರು. ತಟ್ಟೆಯಲ್ಲಿದ್ದ ಬನ್ಸನ್ನು ನೋಡಿದರು.

“ಇನ್ನೂರ ಎಂಬತ್ತೆಂಟರಿಂದ ನಲವತ್ತೈದು! ಇಷ್ಟು ದೊಡ್ಡ ತಪ್ಪು ಮಾಡಿದ ಮಗುವಿಗೆ ನಾನು ಸೊನ್ನೆ ಕೊಡುತ್ತಿದ್ದೆ.”

“ತಪ್ಪು ನನ್ನದು ಟೀಚರ್.”

“ಹಾಗಾದ್ರೆ ನಾನು ನಾಲ್ಕು ತಿಂಗಳು ಮಾಡಿದ್ದು ದಂಡವಾ?” ಕೋಪವೋ ದುಃಖವೋ ಗೊತ್ತಾಗಲಿಲ್ಲ. ಮಂಡಿನೋವು ಹೇಗಿದೆ ಎಂದು ಕೇಳಿದೆ. ಕಡಿಮೆ ಎಂದರು. ನಿದ್ದೆ? ಚೆನ್ನಾಗಿ ಬರುತ್ತದೆ ಎಂದರು. ನೆಲದಿಂದ ಕೈ ಊರದೆ ಏಳುತ್ತೇನೆ ಎಂದೂ ಸೇರಿಸಿದರು. “ಅದಕ್ಕೆ ಪಟ್ಟಿಯಲ್ಲಿ ಅಂಕಿ ಇಲ್ಲ ಟೀಚರ್, ಆದರೆ ದಂಡವಲ್ಲ” ಎಂದೆ. ಅವರಿಗೆ ಸಮಾಧಾನವಾಯಿತೋ ಇಲ್ಲವೋ. ಬನ್ಸನ್ನು ಅರ್ಧ ಮಾಡಿ ಒಂದು ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಮುಂದಿನ ತಿಂಗಳು ಬಂದಾಗ ಅವರೇ ಒಂದು ಹೊಸ ಸುದ್ದಿ ತಂದಿದ್ದರು. ಮೊಮ್ಮಗಳ ಭರತನಾಟ್ಯದ ತರಗತಿಗೆ ಹೋಗಿ, ನನ್ನ ಹಾಗೆಯೇ ಗಡಿಯಾರ ಹಿಡಿದು ಕೂತಿದ್ದರಂತೆ. “ಒಂದು ಗಂಟೆಯಲ್ಲಿ ಅವಳು ಕುಣಿದದ್ದು ಹದಿನೆಂಟು ನಿಮಿಷ. ಉಳಿದದ್ದು ಗೋಡೆಗೆ ಒರಗಿ ಬೇರೆಯವರ ಸರದಿ ಕಾಣುದ್. ಆದರೆ ಆ ಹದಿನೆಂಟು ನಿಮಿಷ ಅರೆಮಂಡಿಯಲ್ಲಿ ಬೆವರು ಇಳಿತಿತ್ತು. ನಿಮ್ಮ ನಾಲ್ಕೂವರೆ ಅಲ್ಲ ಅದು, ಹೆಚ್ಚು.” ಎಷ್ಟು ಹೆಚ್ಚು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆ ವೇಳೆಗೆ ಗೊತ್ತಿಲ್ಲ ಎನ್ನುವುದು ನನಗೆ ಸ್ವಲ್ಪ ಸುಲಭವಾಗಿತ್ತು.

ಗೋಡೆಯ ಹಾಳೆಯನ್ನು ಕೊನೆಗೂ ಒಂದು ಭಾನುವಾರ, ಯಾರೂ ಇಲ್ಲದಾಗ, ಕಿತ್ತೆ. ಸೋಮವಾರ ಮೂವರು ಹೆಂಗಸರು ಅದೆಲ್ಲಿ ಎಂದು ಕೇಳಿದರು. ಅದು ಸರಿಯಿರಲಿಲ್ಲ ಎಂದೆ. “ಸರಿ ಇಪ್ಪುದ್ ಯಾವಾಗ ಹಾಕ್ತ್ರಿ?” ಎಂದು ಒಬ್ಬಾಕೆ ಕೇಳಿದರು. ಮನೆಕೆಲಸಕ್ಕೂ ಲೆಕ್ಕವಿದೆ ಎಂದು ಅವರಿಗೆ ಹೇಳಿದ್ದ ಒಂದೇ ಜಾಗ ಅದಾಗಿತ್ತು, ಅದನ್ನೂ ನಾನೇ ಕಿತ್ತುಕೊಂಡಂತಾಯಿತು.

ಲೆಕ್ಕವನ್ನು ಪೂರ್ತಿ ಬಿಡಲಿಲ್ಲ. ಶುರುಮಾಡಲು ಒಂದು ಅಂದಾಜು ಬೇಕೇ ಬೇಕು. ಆದರೆ ಡಾಕ್ಟ್ರ ಸಲಹೆಯಂತೆ, ಚೀಟಿ ಬರೆದ ಮೇಲೆ ಎರಡು ವಾರಕ್ಕೊಮ್ಮೆ ತೂಕ ನೋಡತೊಡಗಿದೆವು. ತೂಕ ಇಳಿಯುತ್ತಾ ಹೋದರೆ ಊಟ ಸಾಲುತ್ತಿಲ್ಲ, ಏರಿದರೆ ಹೆಚ್ಚಾಗಿದೆ. ತ್ರಾಸಿಯವರದು ಮೂರು ತಿಂಗಳಲ್ಲಿ ನಲವತ್ತಾರಕ್ಕೆ ಮರಳಿ ಅಲ್ಲಿಯೇ ನಿಂತಿತು. ಅಷ್ಟು ಹೊತ್ತಿಗೆ ಅವರು ಉಣ್ಣುತ್ತಿದ್ದದ್ದನ್ನು ಸೌಟು ಲೆಕ್ಕದಲ್ಲಿ ಕೂಡಿ ನೋಡಿದೆ. ನನ್ನ ಯಾವ ಮೊತ್ತಕ್ಕೂ ಸರಿಯಾಗಿ ಹೊಂದಲಿಲ್ಲ. ಡಾಕ್ಟ್ರು ಹೇಳಿದ್ದಕ್ಕೆ ಹತ್ತಿರವಿತ್ತು. ಮತ್ತೆ ಒಮ್ಮೆಯೂ ಅವರಿಗೆ ಸಕ್ಕರೆ ಇಳಿದು ತಲೆ ತಿರುಗಲಿಲ್ಲ.

ಫಾರಂ ಕೂಡ ಬದಲಾಯಿತು. ‘ಉದ್ಯೋಗ’ ಎಂಬ ಜಾಗದಲ್ಲಿ ‘ಬೆಳಿಗ್ಗೆ ಎದ್ದ ಮೇಲೆ ಮೊದಲು ಏನು ಮಾಡುತ್ತೀರಿ’ ಎಂದು ಬರೆಸಿದೆ. ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹೊರಗೆ ಕಾಯುವವರು ಗೊಣಗುತ್ತಿದ್ದರು. ಅಷ್ಟು ಕೇಳಿದರೂ ಮನೆಕೆಲಸವನ್ನು ಹೆಂಗಸರು ಕಡಿಮೆಯೇ ಹೇಳುತ್ತಿದ್ದರು, ವ್ಯಾಯಾಮವನ್ನು ಗಂಡಸರು ಹೆಚ್ಚೇ ಹೇಳುತ್ತಿದ್ದರು.

೨೦೧೧ರ ನಂತರ ಇನ್ನೊಂದು ಪಟ್ಟಿ ನನ್ನ ಕೈಗೆ ಬಂತು. ಅದರಲ್ಲಿ ಸೂರ್ಯನಮಸ್ಕಾರಕ್ಕೆ ಬೇರೆ ಸಾಲು, ಮೂಗಿನ ಹೊಳ್ಳೆ ಹಿಡಿದು ಮಾಡುವ ಪ್ರಾಣಾಯಾಮಕ್ಕೆ ಬೇರೆ ಸಾಲು. ಬಟ್ಟೆಯನ್ನು ಕೈಯಲ್ಲಿ ಒಗೆಯುವುದಕ್ಕೂ ನಾಲ್ಕು ಅಂತ ಕೊಟ್ಟಿದ್ದರು. ಓದಿ ಖುಷಿಯಾಯಿತು. ನಾನು ಗುಣಿಸಲು ಹೋಗಲಿಲ್ಲ.

ಆ ಹೊತ್ತಿಗೆ ತ್ರಾಸಿಯವರ ಕೆಲಸ ಬೇರೆಯಾಗಿತ್ತು. ಮಂಡಿ ಸವೆದು ಬುಟ್ಟಿ ಹೊರುವುದನ್ನು ಬಿಟ್ಟಿದ್ದರು. ಅಳಿಯನ ಟೆಂಪೋದಲ್ಲಿ ಮೀನು ಬರುತ್ತಿತ್ತು, ಇವರು ರಸ್ತೆ ಬದಿಯಲ್ಲಿ ಸ್ಟೂಲಿನ ಮೇಲೆ ಕೂತು ಮಾರುತ್ತಿದ್ದರು. ಮನೆಗೆ ನಳ್ಳಿ ನೀರು ಬಂದಿತ್ತು. ತೂಕ ಐವತ್ತೊಂದಾಗಿತ್ತು, ಸಕ್ಕರೆ ಏರಿತ್ತು, ಮಾತ್ರೆ ಮತ್ತೆ ಪೂರ್ತಿಯಾಗಿತ್ತು.

“ಮೇಡಮ್ಮ, ನಂಗ್ ಈಗ ಎಷ್ಟ್ ಉಣ್ಕ್?” ಎಂದು ಕೇಳಿದರು.

ಊಟ ಎಷ್ಟು ಮಾಡುತ್ತೀರಿ ಎಂದು ಕೇಳಿದೆ. ಮೊದಲಿನಷ್ಟೇ ಎಂದರು. ಸ್ಟೂಲಿನ ಮೇಲೆ ಎಷ್ಟು ಹೊತ್ತು, ಮನೆಯಲ್ಲಿ ಎಷ್ಟು ಹೊತ್ತು ಎಂದು ಬರೆದುಕೊಂಡೆ. ಒಂದು ಅಂಕಿ ಬಂತು. ಅದನ್ನು ಅವರಿಗೆ ಹೇಳಲಿಲ್ಲ. ಬೆಳಿಗ್ಗಿನ ಗಂಜಿಯಲ್ಲಿ ಒಂದು ಸೌಟು ಕಡಿಮೆ ಮಾಡಿ, ಹದಿನೈದು ದಿನ ಬಿಟ್ಟು ತೂಕಕ್ಕೆ ಬನ್ನಿ, ನಡುವೆ ತಲೆ ತಿರುಗಿದರೆ ಅವತ್ತೇ ಬನ್ನಿ ಎಂದೆ.

“ಒಂದೇ ಸೌಟಾ? ನಿಮ್ಗ್ ಸಮಾ ಗೊತ್ತಿತ್ತಾ?”

“ಇಲ್ಲೆ” ಎಂದೆ. “ಹದಿನೈದ್ ದಿನ ಬಿಟ್ಟ್ ಕಾಂಬ.”

ಅವರು ತಲೆಯಾಡಿಸಿ, ಕಷ್ಟಪಟ್ಟು ಎದ್ದು, ಗೋಡೆ ಹಿಡಿದುಕೊಂಡು ತೂಕದ ಯಂತ್ರದ ಕಡೆ ಇನ್ನೊಮ್ಮೆ ನೋಡಿ ಹೊರಗೆ ಹೋದರು.